ಐದನೆಯ ಕೆಟ್ಟ ದಿನ

ನಿಫ್ಟಿ ಇಂಡೆಕ್ಸ್ ಫಂಡಿನಲ್ಲಿ ನಿಮ್ಮ 10 ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ನಾಳೆ ಒಂದೇ ದಿನದಲ್ಲಿ ಎಷ್ಟು ಕರಗಬಹುದು? ‘ಎಷ್ಟು ಬೇಕಾದರೂ’ ಎಂಬುದು ಸುಳ್ಳಲ್ಲದಿದ್ದರೂ ಉಪಯೋಗಕ್ಕೆ ಬಾರದ ಉತ್ತರ. ಬ್ಯಾಂಕುಗಳ ರಿಸ್ಕ್ ವಿಭಾಗದವರು ಅದನ್ನೇ ಸ್ವಲ್ಪ ತಿರುಗಿಸಿ ಕೇಳುತ್ತಾರೆ: ನೂರರಲ್ಲಿ ತೊಂಬತ್ತೊಂಬತ್ತು ದಿನ ನಷ್ಟ ಯಾವ ಗೆರೆಯೊಳಗೆ ಉಳಿಯುತ್ತದೆ? ಆ ಗೆರೆಯ ಹೆಸರು ‘ವ್ಯಾಲ್ಯೂ ಅಟ್ ರಿಸ್ಕ್’, ಬಾಯಿಮಾತಿನಲ್ಲಿ ‘ವಾರ್’.

ಗೆರೆ ಎಳೆಯಲು ಹಲವು ದಾರಿಗಳಿವೆ. ಅವುಗಳಲ್ಲಿ ‘ಹಿಸ್ಟಾರಿಕಲ್ ಸಿಮ್ಯುಲೇಶನ್’ ಎಂಬುದಕ್ಕೆ ಕೂಡು-ಕಳೆ-ಭಾಗಾಕಾರ ಬಂದರೆ ಸಾಕು. ನಡೆದುಹೋದ ದಿನಗಳನ್ನೇ ನಾಳೆಯ ಸಾಧ್ಯತೆಗಳೆಂದು ಭಾವಿಸುವುದು, ಅಷ್ಟೆ.

2020ರ ಜೂನ್ ಕೊನೆಯಲ್ಲಿ ನಿಂತು ಲೆಕ್ಕ ಹಾಕೋಣ. ಹಿಂದಿನ 501 ವಹಿವಾಟು ದಿನಗಳ ನಿಫ್ಟಿ ಮುಕ್ತಾಯದ ಅಂಕಗಳನ್ನು ಸಾಲಾಗಿ ಬರೆದುಕೊಂಡರೆ 500 ದಿನಗಳ ಏರಿಳಿತ ಸಿಗುತ್ತದೆ. ಉದಾಹರಣೆಗೆ ಮಾರ್ಚ್ 17ರಂದು ನಿಫ್ಟಿ 8,967.05ರಲ್ಲಿ, 18ರಂದು 8,468.80ರಲ್ಲಿ ನಿಂತಿತು. ಕಳೆದುಕೊಂಡ 498.25 ಅಂಕಗಳನ್ನು ಹಿಂದಿನ ದಿನದ ಅಂಕದಿಂದ ಭಾಗಿಸಿದರೆ ಕುಸಿತ ಶೇ 5.56. ಹೀಗೆ ಐನೂರನ್ನೂ ಲೆಕ್ಕ ಹಾಕಿ, ಅತಿ ಕೆಟ್ಟದ್ದು ಮೊದಲು ಬರುವಂತೆ ಜೋಡಿಸಬೇಕು. ಮೇಲೆ ಬಂದು ಕೂರುವುವು ಇವು: ಮಾರ್ಚ್ 23ರ ಶೇ 12.98, ಮಾರ್ಚ್ 12ರ 8.30, ಮಾರ್ಚ್ 16ರ 7.61, ಮೇ 4ರ 5.74, ಆಮೇಲೆ ನಮ್ಮ ಮಾರ್ಚ್ 18ರ 5.56.

ಐನೂರರ ಶೇಕಡಾ ಒಂದು ಎಂದರೆ ಐದು. ಹಾಗಾಗಿ ಐದನೆಯ ಕೆಟ್ಟ ದಿನವೇ ಗೆರೆ. 10 ಲಕ್ಷಕ್ಕೆ ಶೇ 5.56 ಎಂದರೆ ಸುಮಾರು 55,600 ರೂಪಾಯಿ. ಆ ದಿನ ನಿಮ್ಮ ಹತ್ತಿರ ಎಷ್ಟು ಹಣವಿತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕುಸಿತ ಅಂದಿನದು, ಹಣ ಇಂದಿನದು. ಚಿನ್ನದ ಫಂಡೂ ಇದ್ದರೆ ಅದೇ ದಿನದ ಚಿನ್ನದ ಏರಿಳಿತವನ್ನು ಪಕ್ಕದಲ್ಲೇ ಬರೆದು, ಎರಡೂ ಸೇರಿದ ಲಾಭ-ನಷ್ಟವನ್ನು ದಿನದಿನಕ್ಕೆ ಕೂಡಿ, ಆಮೇಲೆ ಜೋಡಿಸಬೇಕು. ಎರಡನ್ನೂ ಬೇರೆಬೇರೆ ಜೋಡಿಸಿ ಗೆರೆಗಳನ್ನು ಕೂಡಿಸುವವರಿದ್ದಾರೆ. ಷೇರು ಬಿದ್ದ ದಿನ ಚಿನ್ನ ಕೈಹಿಡಿದಿದ್ದರೆ ಅದು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಎಕ್ಸೆಲ್‌ನಲ್ಲಿ ಏರಿಳಿತಗಳು C ಕಾಲಂನಲ್ಲಿದ್ದರೆ ಒಂದೇ ಸಾಲು ಸಾಕು:

```
=-SMALL(C3:C502,5)*1000000
```

`PERCENTILE(C3:C502,0.01)` ಬಳಸಿದರೆ ಉತ್ತರ ತುಸು ಕಡಿಮೆ ಬರುತ್ತದೆ. ಅದು ಐದು ಮತ್ತು ಆರನೆಯ ದಿನಗಳ ನಡುವೆ, ಆರಕ್ಕೆ ತೀರಾ ಹತ್ತಿರ ನಿಲ್ಲುತ್ತದೆ. ಯಾವುದನ್ನು ಬಳಸಿದರೂ ಸರಿ, ಪ್ರತಿದಿನ ಅದನ್ನೇ ಬಳಸಬೇಕು.

ಉತ್ತರ ನಂಬುವ ಮೊದಲು ಮೇಲಿನ ಹತ್ತು ದಿನಗಳನ್ನು ತಾರೀಖಿನ ಸಮೇತ ಕಣ್ಣಾರೆ ನೋಡುವುದು ಒಳ್ಳೆಯದು. ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು. ಬೆಲೆ ಅರ್ಧವಾಯಿತು, ಷೇರು ದುಪ್ಪಟ್ಟಾಯಿತು, ಯಾರಿಗೂ ನಷ್ಟವಾಗಲಿಲ್ಲ. ಬೋನಸ್‌ಗೆ ಸರಿಹೊಂದಿಸದ ಹಳೆಯ ಬೆಲೆಗಳನ್ನು ತೆಗೆದುಕೊಂಡರೆ ಮಾತ್ರ ಅಲ್ಲೊಂದು ಶೇ 50ರ ಕುಸಿತ ಕಾಣುತ್ತದೆ. ಅದು ಪಟ್ಟಿಯ ತಲೆಯ ಮೇಲೆ ಕೂತು ನಿಜವಾದ ನಾಲ್ಕನೆಯ ದಿನವನ್ನು ಐದನೆಯದಕ್ಕೆ ತಳ್ಳುತ್ತದೆ. ವಾರ್ ಬದಲಾಗುವುದು ತುಸುವೇ ಆದ್ದರಿಂದ ಬರೀ ಅಂತಿಮ ಅಂಕಿ ನೋಡಿದವರಿಗೆ ಅನುಮಾನವೂ ಬರುವುದಿಲ್ಲ.

ಲೆಕ್ಕ ಸರಿಯಿದ್ದರೂ ವಿಧಾನಕ್ಕೆ ತನ್ನದೇ ದೋಷವಿದೆ. ಇದೇ ಲೆಕ್ಕವನ್ನು 2020ರ ಫೆಬ್ರುವರಿ ಕೊನೆಯಲ್ಲಿ ಹಾಕಿದ್ದರೆ ಐದನೆಯ ಕೆಟ್ಟ ದಿನದ ಕುಸಿತ ಶೇ 2ಕ್ಕಿಂತ ಸ್ವಲ್ಪವೇ ಹೆಚ್ಚು, ಅಂದರೆ ವಾರ್ ಇಪ್ಪತ್ತು ಸಾವಿರದ ಆಸುಪಾಸು. ಮೂರೇ ವಾರಗಳ ನಂತರ, ಮಾರ್ಚ್ 23ರ ಒಂದೇ ದಿನ 1,29,800 ರೂಪಾಯಿ ಹೋಯಿತು. ಎರಡು ವರ್ಷದಲ್ಲಿ ಐದು ಬಾರಿ ದಾಟಬೇಕಾದ ಗೆರೆಯನ್ನು ಮಾರುಕಟ್ಟೆ ಅದೊಂದೇ ತಿಂಗಳಲ್ಲಿ ಐದಕ್ಕೂ ಹೆಚ್ಚು ಸಲ ದಾಟಿತು. ಕೆಟ್ಟ ದಿನಗಳು ಒಂಟಿಯಾಗಿ ಬರುವುದು ಕಡಿಮೆ. ವಿಧಾನವಾದರೋ ಐನೂರೂ ದಿನಗಳಿಗೆ ಒಂದೇ ತೂಕ ಕೊಟ್ಟು ಕೂರುತ್ತದೆ.

ಇನ್ನೊಂದು ವಿಚಿತ್ರ 2022ರಲ್ಲಿ ನಡೆಯಿತು. ಫೆಬ್ರುವರಿ 24ರಂದು ಉಕ್ರೇನ್ ಮೇಲೆ ರಷ್ಯಾ ದಾಳಿ ಶುರುವಾಗಿ ನಿಫ್ಟಿ ಶೇ 4.8ರಷ್ಟು ಬಿತ್ತು. ಅದರ ಬೆನ್ನಲ್ಲೇ ಎರಡು ವರ್ಷ ಹಳತಾದ ಕೊರೊನಾ ಮಾರ್ಚ್‌ನ ದಿನಗಳು ಐನೂರರ ಕಿಟಕಿಯಿಂದ ಒಂದೊಂದಾಗಿ ಹೊರಬಿದ್ದವು. ಜಗತ್ತು ಯುದ್ಧ ನೋಡುತ್ತಿರುವಾಗ ವಾರ್ ಇಳಿಯಿತು, ಇಳಿಸಿದ್ದು ಬರೀ ಕ್ಯಾಲೆಂಡರ್.

ಗೆರೆಯ ಆಚೆ ಎಷ್ಟು ಆಳವಿದೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಮಾರ್ಚ್ 23ರ ಕುಸಿತ ಶೇ 12.98ರ ಬದಲು 30 ಆಗಿದ್ದರೂ ಜೂನ್‌ನ ನಮ್ಮ ಉತ್ತರ 55,600 ಆಗಿಯೇ ಇರುತ್ತಿತ್ತು. ಅದಕ್ಕೇ ಬ್ಯಾಂಕುಗಳ ಬಂಡವಾಳ ಕುರಿತ ಬಾಸೆಲ್ ಸಮಿತಿಯ ಹೊಸ ನಿಯಮಗಳು ಗೆರೆಯನ್ನು ಬಿಟ್ಟು ಅದರಾಚೆಯ ನಷ್ಟಗಳ ಸರಾಸರಿಯತ್ತ ವಾಲಿವೆ. ನಮ್ಮ ಐದು ದಿನಗಳ ಸರಾಸರಿ ತೆಗೆದರೆ ಶೇ 8.04, ಹತ್ತು ಲಕ್ಷಕ್ಕೆ ಸುಮಾರು 80,400 ರೂಪಾಯಿ.