ಬಲ್ಬಿಗೊಂದು ವೈಫೈ, ಲ್ಯಾಪ್‌ಟಾಪಿಗೊಂದು

ಮನೆಯ ವೈಫೈಗೆ ಸೇರಿದ ಸಾಧನಗಳೆಲ್ಲ ಒಂದೇ ಪಡಸಾಲೆಯಲ್ಲಿ ಕೂತ ಹಾಗೆ. ಬಾಗಿಲ ಮೇಲಿನ ಕ್ಯಾಮೆರಾ, ಸ್ಮಾರ್ಟ್ ಬಲ್ಬು, ಬ್ಯಾಂಕಿನ ವ್ಯವಹಾರ ನಡೆಯುವ ಲ್ಯಾಪ್‌ಟಾಪು ಎಲ್ಲಕ್ಕೂ ಒಂದರ ಬಾಗಿಲನ್ನು ಇನ್ನೊಂದು ತಟ್ಟುವ ಅವಕಾಶವಿದೆ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಅದು ಪ್ರಯೋಗಿಸಿದ್ದು ಕಾರ್ಖಾನೆಯಲ್ಲೇ ಇಟ್ಟ ಸುಮಾರು 60 ಪಾಸ್‌ವರ್ಡುಗಳನ್ನು ಮಾತ್ರ. ಹೀಗೆ ಕೈತಪ್ಪಿದ ಕ್ಯಾಮೆರಾ ಲ್ಯಾಪ್‌ಟಾಪಿನ ಪಕ್ಕದಲ್ಲೇ ಕೂತಿರಬಾರದು.

ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಬಹುತೇಕ ರೌಟರುಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಎಂಬ ಸೌಲಭ್ಯವಿದೆ. ಅದಕ್ಕೆ ಸೇರಿದವರಿಗೆ ಇಂಟರ್‌ನೆಟ್ ಸಿಗುತ್ತದೆ, ಮನೆಯ ಉಳಿದ ಸಾಧನಗಳು ಕಾಣುವುದಿಲ್ಲ.

ಎಂಟು ಬಲ್ಬು, ಒಂದು ಗೀಸರ್ ಪ್ಲಗ್, ಎರಡು ಕ್ಯಾಮೆರಾ ಇರುವ ಮನೆಯೆಂದುಕೊಳ್ಳಿ. ಸ್ಟೂಲು ಹತ್ತಿ ಒಂದೊಂದನ್ನೂ ರೀಸೆಟ್ ಮಾಡಿ ಹೊಸ ವೈಫೈಗೆ ಸೇರಿಸುವುದು ಅರ್ಧ ದಿನದ ಕೆಲಸ; ಅನೇಕರು ಕೈಬಿಡುವುದು ಇಲ್ಲೇ. ನಾನು ಎಲ್ಲರಿಗೂ ಹೇಳುವುದು ಇದರ ತಿರುವುಮುರುವು ದಾರಿಯನ್ನು. ಮೊದಲು ಮುಖ್ಯ ವೈಫೈಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಕೊಡಿ. ಆಮೇಲೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನು ಅಕ್ಷರ ತಪ್ಪದಂತೆ ಗೆಸ್ಟ್ ವೈಫೈಗೆ ಇಡಿ. ಭದ್ರತೆಯ ಬಗೆಯೂ ಮೊದಲಿನದೇ ಇರಲಿ, 2.4 ಗಿಗಾಹರ್ಟ್ಸ್ ಚಾಲೂ ಇರಲಿ. ಅಗ್ಗದ ಬಲ್ಬುಗಳಿಗೆ 5 ಗಿಗಾಹರ್ಟ್ಸ್ ಗೊತ್ತೇ ಇಲ್ಲ. ಹಳೆಯ ಹೆಸರನ್ನೇ ಹುಡುಕುವ ಬಲ್ಬು, ಪ್ಲಗ್ಗುಗಳು ಸಾಮಾನ್ಯವಾಗಿ ತಾವಾಗಿಯೇ ಹೊಸ ಜಾಗಕ್ಕೆ ಹೋಗಿ ಕೂರುತ್ತವೆ. ಫೋನು, ಲ್ಯಾಪ್‌ಟಾಪುಗಳಲ್ಲಿ ಹಳೆಯ ಹೆಸರನ್ನು ಅಳಿಸಿ ಹೊಸದಕ್ಕೆ ಸೇರಿಸಿದರಾಯಿತು.

ಬೇಲಿ ನಿಜಕ್ಕೂ ಇದೆಯೇ ಎಂದು ನೋಡಲೇಬೇಕು. ಕೆಲವು ರೌಟರುಗಳಲ್ಲಿ ಎರಡನೆಯ ವೈಫೈ ಬರೀ ಎರಡನೆಯ ಹೆಸರು. ಒಳಗೆ ಎಲ್ಲ ಒಂದೇ. ಮುಖ್ಯ ವೈಫೈನಲ್ಲಿರುವ ಪ್ರಿಂಟರಿನ ವಿಳಾಸವನ್ನು, ಉದಾಹರಣೆಗೆ `192.168.1.20`, ಅದೇ ವೈಫೈನಿಂದ ಫೋನಿನ ಬ್ರೌಸರಿನಲ್ಲಿ ತೆರೆಯಿರಿ. ಪ್ರಿಂಟರಿನ ಪುಟ ಬರುತ್ತದೆ. ಈಗ ಮೊಬೈಲ್ ಡೇಟಾ ಆರಿಸಿ, ಗೆಸ್ಟ್ ವೈಫೈಗೆ ಬದಲಾಯಿಸಿ, ಅದೇ ವಿಳಾಸ ತೆರೆಯಿರಿ. ಪುಟ ಬರಬಾರದು. ಬಂದರೆ, ಅತಿಥಿಗಳಿಗೆ ಮನೆಯ ಜಾಲಕ್ಕೆ ಪ್ರವೇಶ ಕೊಡುವ ಆಯ್ಕೆ ರೌಟರಿನಲ್ಲಿ ಟಿಕ್ ಆಗಿದೆಯೇ ನೋಡಿ, ತೆಗೆಯಿರಿ.

ಮರುದಿನ ಒಂದು ದೂರು ಬರಬಹುದು: ಬಲ್ಬು ಫೋನಿನ ಮಾತು ಕೇಳುತ್ತಿದೆ, ಟಿವಿ ಮಾತ್ರ ಕೇಳುತ್ತಿಲ್ಲ. ಬಲ್ಬಿನ ಆದೇಶ ಕಂಪನಿಯ ಸರ್ವರ್ ಸುತ್ತಿ ಬರುತ್ತದೆ, ಬೇಲಿ ಅಡ್ಡಬರುವುದಿಲ್ಲ. ಫೋನಿನ ಚಿತ್ರವನ್ನು ಟಿವಿಗೆ ಕಳಿಸುವಾಗ ಎರಡೂ ಒಂದೇ ಜಾಲದಲ್ಲಿ ಒಂದನ್ನೊಂದು ಕೂಗಿ ಕರೆಯಬೇಕು. ಟಿವಿಗೆ ಫೋನಿನಿಂದ ವಿಡಿಯೋ ಕಳಿಸುವ ರೂಢಿಯಿದ್ದರೆ ಅದನ್ನು ಮುಖ್ಯ ವೈಫೈನಲ್ಲೇ ಬಿಡಿ. ಕ್ಯಾಮೆರಾ ಮನೆಯಲ್ಲೇ ಇರುವ ರೆಕಾರ್ಡರಿಗೆ ಚಿತ್ರ ಕಳಿಸುತ್ತಿದ್ದರೆ ರೆಕಾರ್ಡರೂ ಅದರ ಜೊತೆಗೇ ಇರಬೇಕು. ಗೆಸ್ಟ್ ಸಾಧನಗಳು ಪರಸ್ಪರ ಮಾತಾಡದಂತೆ ತಡೆಯುವ ರೌಟರಾದರೆ ಅಲ್ಲೂ ರೆಕಾರ್ಡಿಂಗ್ ನಿಲ್ಲುತ್ತದೆ.

ಬೇಲಿ ಕಾಯುವುದು ಲ್ಯಾಪ್‌ಟಾಪನ್ನು, ಕ್ಯಾಮೆರಾವನ್ನಲ್ಲ. ಅದರ ಚಿತ್ರ ಅನ್ಯರ ಕಣ್ಣಿಗೆ ಬೀಳದಿರಬೇಕಾದರೆ ಅದರ ಸ್ವಂತ ಪಾಸ್‌ವರ್ಡನ್ನೂ ಇದೇ ದಿನ ಬದಲಿಸಿ.