ಕಾಯುತ್ತಾ ನಿಂತ ಗುಣಾಕಾರಗಳು

4ರ ಫ್ಯಾಕ್ಟೋರಿಯಲ್ ಎಂದರೆ 4 × 3 × 2 × 1, ಅಂದರೆ 24. ಬಾಯಿಲೆಕ್ಕದಲ್ಲೇ ಮುಗಿಯುವ ಮಾತು. ಇದನ್ನೇ ಇನ್ನೊಂದು ಬಗೆಯಲ್ಲೂ ಹೇಳಬಹುದು: 3ರ ಫ್ಯಾಕ್ಟೋರಿಯಲ್ ಗೊತ್ತಿದ್ದರೆ ಅದನ್ನು 4ರಿಂದ ಗುಣಿಸಿದರೆ ಸಾಕು. 3ರದ್ದು ಬೇಕಾದರೆ 2ರದ್ದು ಗೊತ್ತಿರಬೇಕು, 2ರದ್ದಕ್ಕೆ 1ರದ್ದು. ಈ ಮಾತನ್ನು ಹಾಗೆಯೇ ಕಂಪ್ಯೂಟರಿಗೆ ಹೇಳುವುದನ್ನು ರಿಕರ್ಷನ್ ಎನ್ನುತ್ತಾರೆ. ಪೈಥಾನ್ ಭಾಷೆಯಲ್ಲಿ ಅದಕ್ಕೆ ನಾಲ್ಕೇ ಸಾಲು.

```python
def fact(n):
    if n == 0:
        return 1
    return n * fact(n - 1)
```

ಕಲಿಯುವವರು ಸಾಮಾನ್ಯವಾಗಿ ಮುಗ್ಗರಿಸುವುದು ಕೊನೆಯ ಸಾಲಿನಲ್ಲಿ. `fact` ಇನ್ನೂ ತನ್ನ ಕೆಲಸ ಮುಗಿಸಿಲ್ಲ, ಅಷ್ಟರಲ್ಲೇ ಮತ್ತೆ `fact` ಅನ್ನೇ ಕರೆಯುತ್ತಿದೆ. ಹಾಗಾದರೆ ಅರ್ಧಕ್ಕೆ ನಿಂತ ಮೊದಲಿನ ಕೆಲಸ ಎಲ್ಲಿ ಹೋಯಿತು? ಅದರ ಕೈಯಲ್ಲಿದ್ದ 4 ಏನಾಯಿತು?

ಅದು ಎಲ್ಲೂ ಹೋಗುವುದಿಲ್ಲ. ಫಂಕ್ಷನ್ ಒಂದನ್ನು ಕರೆದಾಗಲೆಲ್ಲ ಕಂಪ್ಯೂಟರ್ ಆ ಕರೆಗೆಂದೇ ಮೆಮೊರಿಯಲ್ಲಿ ಒಂದಿಷ್ಟು ಜಾಗ ತೆಗೆದಿಡುತ್ತದೆ. ಇದಕ್ಕೆ ಫ್ರೇಮ್ ಎಂದು ಹೆಸರು. ಆ ಕರೆಗೆ ಸೇರಿದ `n` ಎಷ್ಟು, ಕೆಲಸ ಮುಗಿದ ಮೇಲೆ ಯಾವ ಜಾಗಕ್ಕೆ ಮರಳಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹೊಸ ಕರೆ ಬಂದರೆ ಹೊಸ ಫ್ರೇಮ್ ಹಳೆಯದರ ಮೇಲೆ ಕೂರುತ್ತದೆ. ಹೀಗೆ ಬೆಳೆಯುವ ರಾಶಿಯೇ ಕಾಲ್ ಸ್ಟ್ಯಾಕ್. ಕಚೇರಿಯಲ್ಲಿ ಗುಮಾಸ್ತರು ಒಂದು ಕಡತ ನೋಡುತ್ತಿರುವಾಗ ಇನ್ನೊಂದು ಕಡತದ ಮಾಹಿತಿ ಬೇಕಾಗುತ್ತದೆ. ಮೊದಲಿನದನ್ನು ತೆರೆದಂತೆಯೇ ಬಿಟ್ಟು, ಎರಡನೆಯದನ್ನು ಅದರ ಮೇಲೆಯೇ ಇಟ್ಟುಕೊಂಡು ಓದುತ್ತಾರೆ. ಅದು ಮುಗಿದು ಬದಿಗೆ ಸರಿದಾಗ ಕೆಳಗಿನ ಕಡತ ನಿಂತ ಪುಟದಲ್ಲೇ ಕಾಣುತ್ತದೆ. ಸ್ಟ್ಯಾಕ್ ಮಾಡುವುದೂ ಇಷ್ಟನ್ನೇ.

ಈಗ `fact(4)` ಎಂದು ಕೇಳೋಣ. `n` 4, ಸೊನ್ನೆಯಲ್ಲ. ಆದ್ದರಿಂದ ಕೊನೆಯ ಸಾಲಿಗೆ ಬರುತ್ತದೆ. ಅಲ್ಲಿ 4ನ್ನು ಯಾವುದರಿಂದ ಗುಣಿಸಬೇಕು ಎಂಬುದು ಇನ್ನೂ ಗೊತ್ತಿಲ್ಲ, ಹಾಗಾಗಿ ಗುಣಾಕಾರವನ್ನು ತಡೆಹಿಡಿದು `fact(3)` ಅನ್ನು ಕರೆಯುತ್ತದೆ. ಅಲ್ಲೂ ಅದೇ ಕಥೆ, ಮುಂದೆ 2, 1 ಬಂದಾಗಲೂ ಅದೇ. `fact(0)` ತಲುಪುವ ಹೊತ್ತಿಗೆ ಸ್ಟ್ಯಾಕ್ ಹೀಗಿರುತ್ತದೆ. ಹೊಸ ಫ್ರೇಮ್ ಎಲ್ಲಕ್ಕಿಂತ ಮೇಲಿದೆ.

```
fact(0)   n = 0
fact(1)   n = 1   1 * ?
fact(2)   n = 2   2 * ?
fact(3)   n = 3   3 * ?
fact(4)   n = 4   4 * ?
```

ಈ ಚಿತ್ರದ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಬೇಕು. ಇಲ್ಲಿಯವರೆಗೆ ಒಂದೇ ಒಂದು ಗುಣಾಕಾರವೂ ನಡೆದಿಲ್ಲ. ನಾಲ್ಕು ಗುಣಾಕಾರಗಳೂ ಬಲಗಡೆಯ ಸಂಖ್ಯೆಗಾಗಿ ಕಾಯುತ್ತಿವೆ. ಕೋಡ್‌ನಲ್ಲಿ `n` ಎಂಬ ಹೆಸರು ಒಂದೇ ಇದ್ದರೂ ಈ ಕ್ಷಣದಲ್ಲಿ ಮೆಮೊರಿಯಲ್ಲಿ ಐದು `n`ಗಳು ಜೀವಂತವಾಗಿವೆ, ಯಾವುದೂ ಇನ್ನೊಂದನ್ನು ಅಳಿಸಿಲ್ಲ. ಕೆಳಗೆ ಇಳಿಯುವಾಗ ಲೆಕ್ಕ ಆಗುತ್ತಾ ಹೋಗುತ್ತದೆ ಎಂದುಕೊಂಡವರಿಗೇ ರಿಕರ್ಷನ್ ಒಗಟಾಗಿ ಉಳಿಯುತ್ತದೆ ಎಂಬುದು ನನ್ನ ಅನಿಸಿಕೆ. ಇಳಿಯುವಾಗ ಆಗುವುದು ಬರೀ ಬಾಕಿ ಉಳಿಸಿಕೊಳ್ಳುವ ಕೆಲಸ.

ಬಾಕಿ ತೀರುವುದು ಮರಳುವ ದಾರಿಯಲ್ಲಿ. `fact(0)` ಯಾರನ್ನೂ ಕರೆಯುವುದಿಲ್ಲ. 1 ಎಂದು ಉತ್ತರ ಕೊಟ್ಟು ತನ್ನ ಫ್ರೇಮ್ ಖಾಲಿ ಮಾಡುತ್ತದೆ. ಆ 1 ಕೆಳಗಿನ ಫ್ರೇಮ್‌ನ ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಬಂದು ಕೂರುತ್ತದೆ: 1 × 1, ಉತ್ತರ 1. ಆ ಫ್ರೇಮೂ ಹೋಯಿತು. ನಂತರ 2 × 1, ಉತ್ತರ 2. ಅದರ ಕೆಳಗೆ 3 × 2, ಉತ್ತರ 6. ಕೊನೆಗೆ ಎಲ್ಲರಿಗಿಂತ ಮೊದಲು ಶುರುವಾಗಿ ಎಲ್ಲರಿಗಿಂತ ಹೆಚ್ಚು ಕಾದಿದ್ದ `fact(4)` ತನ್ನ 4 × 6 ಮಾಡಿ 24 ಎನ್ನುತ್ತದೆ. ಸೊನ್ನೆಗೆ ಉತ್ತರ 1 ಎಂದೇ ಯಾಕಿರಬೇಕು ಎಂಬುದೂ ಇಲ್ಲಿ ತಾನಾಗಿ ಕಾಣುತ್ತದೆ. ಅಲ್ಲಿ 0 ಎಂದು ಬರೆದಿದ್ದರೆ ಆ ಸೊನ್ನೆ ಮೇಲಿನಿಂದ ಕೆಳಗಿನವರೆಗೆ ಪ್ರತಿ ಗುಣಾಕಾರವನ್ನೂ ಸೊನ್ನೆ ಮಾಡುತ್ತಾ ಬರುತ್ತಿತ್ತು.

ಪ್ರತಿ ಕರೆಗೂ ಬೇರೆ ಫ್ರೇಮ್ ಎಂಬುದು ಇಂದು ಸಹಜವಾಗಿ ಕಾಣುತ್ತದೆ, ಆದರೆ ಮೊದಲಿನಿಂದಲೂ ಹಾಗಿರಲಿಲ್ಲ. 1950ರ ದಶಕದ ಫೋರ್ಟ್ರಾನ್ ಭಾಷೆಯಲ್ಲಿ ಫಂಕ್ಷನ್ ತನ್ನನ್ನು ತಾನು ಕರೆಯುವಂತಿರಲಿಲ್ಲ. ಪ್ರತಿ ಫಂಕ್ಷನ್‌ಗೂ ಮೆಮೊರಿಯಲ್ಲಿ ಒಂದೇ ಗೊತ್ತಾದ ಜಾಗ ಎಂಬುದು ಆಗಿನ ಪದ್ಧತಿ. ಅಂಥ ಏರ್ಪಾಟಿನಲ್ಲಿ ನಮ್ಮ `fact(4)` ಓಡಿದರೆ ಏನಾಗಬಹುದು ನೋಡಿ. 4 ಇದ್ದ ಜಾಗದಲ್ಲೇ 3 ಬರೆಯಲಾಗುತ್ತದೆ, ಅದರ ಮೇಲೆ 2, ಕೊನೆಗೆ 0. ಅದಕ್ಕಿಂತ ದೊಡ್ಡ ಅನಾಹುತ ಮರಳುವ ವಿಳಾಸದ್ದು. ಮೊದಲು ಕೇಳಿದವರ ಬಳಿಗೆ ಮರಳಬೇಕು ಎಂದು ಬರೆದಿಟ್ಟಿದ್ದ ವಿಳಾಸದ ಮೇಲೆ, ಗುಣಾಕಾರದ ಸಾಲಿಗೆ ಮರಳಬೇಕು ಎಂಬ ವಿಳಾಸ ಬಂದು ಕೂರುತ್ತದೆ. ಆಮೇಲೆ ಫಂಕ್ಷನ್ ಎಷ್ಟು ಸಲ ಮುಗಿದರೂ ಮರಳುವುದು ಅದೇ ಗುಣಾಕಾರಕ್ಕೆ. ಅಲ್ಲಿಂದ ಹೊರಬರುವ ದಾರಿ ಅಳಿಸಿಹೋಗಿರುತ್ತದೆ.

ರಿಕರ್ಷನ್‌ಗೆ ಭಾಷೆಗಳಲ್ಲಿ ನೆಲೆ ಸಿಕ್ಕಿದ್ದು 1960ರ ಆಸುಪಾಸಿನಲ್ಲಿ. ಆ ವರ್ಷ ಜಾನ್ ಮೆಕಾರ್ಥಿ ಲಿಸ್ಪ್ ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಫ್ಯಾಕ್ಟೋರಿಯಲ್ ಉದಾಹರಣೆಯಾಗಿ ಬರುತ್ತದೆ. 2ರ ಫ್ಯಾಕ್ಟೋರಿಯಲ್ ಅನ್ನು ಅವರು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಿದ್ದಾರೆ. ಅದೇ ವರ್ಷ ಎಡ್ಸ್‌ಗರ್ ಡೈಕ್‌ಸ್ಟ್ರಾ ಇಂಥ ಕರೆಗಳಿಗೆ ಸ್ಟ್ಯಾಕ್ ಮೇಲೆ ಜಾಗ ಕೊಡುವ ವಿಧಾನವನ್ನು ವಿವರಿಸಿ ಬರೆದರು. ಫೋರ್ಟ್ರಾನ್ ತನ್ನ ಅಧಿಕೃತ ನಿಯಮಗಳಲ್ಲಿ ರಿಕರ್ಷನ್ ಒಪ್ಪಿಕೊಂಡದ್ದು ಫೋರ್ಟ್ರಾನ್ 90ರಲ್ಲಿ.

ಸ್ಟ್ಯಾಕ್‌ಗೂ ಒಂದು ಮಿತಿ ಇದೆ. ನಮ್ಮ ಫಂಕ್ಷನ್‌ಗೆ `fact(-1)` ಎಂದು ಕೇಳಿದರೆ ಅದು -2, -3 ಎಂದು ಇಳಿಯುತ್ತಲೇ ಹೋಗುತ್ತದೆ, ಸೊನ್ನೆ ಎದುರಾಗುವುದೇ ಇಲ್ಲ. `fact(2.5)` ಕೇಳಿದರೂ 0.5 ಆದ ಮೇಲೆ ನೇರವಾಗಿ -0.5ಕ್ಕೆ ಜಿಗಿಯುತ್ತದೆ. ಪೈಥಾನ್ ಇಂಥ ಇಳಿತವನ್ನು ಕೊನೆಯವರೆಗೆ ಬಿಡುವುದಿಲ್ಲ. ಮಾಮೂಲಿಯಾಗಿ ಆಳ 1000 ಆಗುತ್ತಿದ್ದಂತೆ ತಡೆದು ಹೀಗೆ ಹೇಳುತ್ತದೆ:

```
RecursionError: maximum recursion depth exceeded
```

ಇದರ ಮೇಲಿನ ಸಾಲುಗಳಲ್ಲಿ ಒಂದೇ ಸಾಲಿನ ಸಂಖ್ಯೆ ಮತ್ತೆ ಮತ್ತೆ ಬಂದಿದ್ದರೆ, ಇಳಿತ ನಿಲ್ಲಬೇಕಾದ ಕಡೆ ನಿಂತಿಲ್ಲವೇನೋ ಎಂದು ಮೊದಲು ಅನುಮಾನಿಸಬೇಕು. ಆಗ ಹಲವರು `n == 0` ಇದ್ದದ್ದನ್ನು `n <= 0` ಎಂದು ತಿದ್ದಿ ನಿಟ್ಟುಸಿರು ಬಿಡುತ್ತಾರೆ. ಅದು ಇನ್ನೂ ಕೆಟ್ಟದ್ದು. ದೋಷದ ಸಂದೇಶ ಮಾಯವಾಗುತ್ತದೆ, ಆದರೆ `fact(-3)` ಸದ್ದಿಲ್ಲದೆ 1 ಎನ್ನುತ್ತದೆ, `fact(2.5)` ಸದ್ದಿಲ್ಲದೆ 1.875 ಎನ್ನುತ್ತದೆ. ಬಂದ ಸಂಖ್ಯೆ ಸೊನ್ನೆಯೋ ಅದಕ್ಕಿಂತ ದೊಡ್ಡ ಪೂರ್ಣಾಂಕವೋ ಎಂದು ಬಾಗಿಲಲ್ಲೇ ಪರೀಕ್ಷಿಸಿ, ಅಲ್ಲವಾದರೆ ಹಿಂದೆ ಕಳಿಸುವುದೇ ಸರಿಯಾದ ದಾರಿ.

ಎಲ್ಲ ಸರಿಯಿದ್ದೂ ಇದೇ ಸಂದೇಶ ಬರುವುದುಂಟು. `fact(900)` ಉತ್ತರ ಕೊಡುತ್ತದೆ, `fact(1000)` ಕೊಡುವುದಿಲ್ಲ. ಸಂಖ್ಯೆ ದೊಡ್ಡದಾಯಿತೆಂದು ಪೈಥಾನ್ ಸೋತದ್ದಲ್ಲ. ಸೊನ್ನೆಯವರೆಗೆ ಇಳಿಯಲು 1001 ಫ್ರೇಮ್‌ಗಳು ಒಟ್ಟಿಗೆ ಬೇಕು, ಮಿತಿ ಅಷ್ಟಿಲ್ಲ. ಇದೇ ಲೆಕ್ಕವನ್ನು ಬಾಕಿ ಇಡದೆ, ಆಗಿಂದಾಗ ಗುಣಿಸುತ್ತಾ ಹೋಗುವ ಲೂಪ್ ಆಗಿ ಬರೆದು ನೋಡಿ:

```python
r = 1
for i in range(2, 1001):
    r = r * i
```

ಇಲ್ಲಿ ಕಾಯುವ ಗುಣಾಕಾರ ಒಂದೂ ಇಲ್ಲ, ಆದ್ದರಿಂದ ಸ್ಟ್ಯಾಕ್ ಬೆಳೆಯುವುದೂ ಇಲ್ಲ. 2568 ಅಂಕಿಗಳ ಉತ್ತರ ಕಣ್ಣುಮಿಟುಕಿಸುವಷ್ಟರಲ್ಲಿ `r`ನಲ್ಲಿ ಬಂದಿರುತ್ತದೆ.