ಒಂದೇ ಪಿಎಚ್, ಎರಡು ಕಾಯಿಲೆ

ಪ್ರಜ್ಞೆ ತಪ್ಪಿದ ಇಬ್ಬರನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಕರೆತಂದಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬಳು ಸಕ್ಕರೆ ಕಾಯಿಲೆಯ ಯುವತಿ. ವಾಂತಿಯಿಂದ ಊಟ ಸೇರುತ್ತಿಲ್ಲ, ಊಟವೇ ಇಲ್ಲದ ಮೇಲೆ ಇನ್ಸುಲಿನ್ ಏಕೆ ಎಂದು ಅದನ್ನೂ ನಿಲ್ಲಿಸಿದ್ದಾಳೆ. ಇನ್ನೊಬ್ಬ ನಾಗರಹಾವು ಕಚ್ಚಿದ ರೈತ. ರೆಪ್ಪೆಗಳು ಜೋತುಬಿದ್ದಿವೆ, ಎದೆ ಅಲ್ಲಾಡಿದ್ದೂ ಕಾಣದಷ್ಟು ಮೇಲುಸಿರು. ಇಬ್ಬರ ಮಣಿಕಟ್ಟಿನ ಅಪಧಮನಿಯಿಂದಲೂ ಒಂದೆರಡು ಮಿಲಿಲೀಟರ್ ರಕ್ತ ತೆಗೆದು ಯಂತ್ರಕ್ಕೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಚೀಟಿ ಬರುತ್ತದೆ. ಇದೇ ಎಬಿಜಿ ಪರೀಕ್ಷೆ. ಎರಡೂ ಚೀಟಿಗಳಲ್ಲಿ ಪಿಎಚ್ 7.15. ಇರಬೇಕಾದದ್ದು 7.35ರಿಂದ 7.45. ಅಂದರೆ ಇಬ್ಬರ ರಕ್ತವೂ ಅಪಾಯಕಾರಿ ಮಟ್ಟಕ್ಕೆ ಆಮ್ಲೀಯವಾಗಿದೆ. ಆದರೆ ಒಬ್ಬರಿಗೆ ಕೊಡುವ ಚಿಕಿತ್ಸೆ ಇನ್ನೊಬ್ಬರಿಗೆ ಆಗುವುದಿಲ್ಲ.

ರಕ್ತದಲ್ಲಿ ಆಮ್ಲ ಹೆಚ್ಚಲು ಎರಡು ದಾರಿಗಳಿವೆ. ಜೀವಕೋಶಗಳು ಉಂಟುಮಾಡುವ ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಸೇರಿ ಆಮ್ಲವಾಗುತ್ತದೆ. ಅದನ್ನು ಹೊರಹಾಕುವುದು ಶ್ವಾಸಕೋಶದ ಕೆಲಸ. ಉಸಿರು ಸೋತರೆ ಅದು ಒಳಗೇ ಉಳಿಯುತ್ತದೆ. ಇದು ಉಸಿರಾಟದ ಆಮ್ಲತೆ. ಇನ್ನೊಂದು, ಕೀಟೋನ್, ಲ್ಯಾಕ್ಟಿಕ್ ಆಮ್ಲದಂಥವು ದೇಹದೊಳಗೇ ಮಿತಿಮೀರಿ ಹುಟ್ಟಿ, ಆಮ್ಲವನ್ನು ತಣಿಸಲು ರಕ್ತದಲ್ಲಿರುವ ಬೈಕಾರ್ಬನೇಟನ್ನು ಖರ್ಚುಮಾಡಿಬಿಡುವುದು. ಇದು ಚಯಾಪಚಯದ ಆಮ್ಲತೆ. ಆದ್ದರಿಂದ ಪಿಎಚ್ ನೋಡಿದ ಕೂಡಲೇ ವೈದ್ಯರ ಕಣ್ಣು ಇನ್ನೆರಡು ಅಂಕಿಗಳತ್ತ ಹೋಗುತ್ತದೆ. ಇಂಗಾಲದ ಡೈಆಕ್ಸೈಡಿನ ಒತ್ತಡ ಆರೋಗ್ಯವಂತರಲ್ಲಿ ಸುಮಾರು 40, ಬೈಕಾರ್ಬನೇಟ್ ಸುಮಾರು 24.

ರೈತನ ಚೀಟಿಯಲ್ಲಿ ಅವು 80 ಮತ್ತು 27. ಡೈಆಕ್ಸೈಡ್ ಇಮ್ಮಡಿಯಾಗಿದೆ, ಬೈಕಾರ್ಬನೇಟ್ ಕರಗಿಲ್ಲ. ತಪ್ಪು ಉಸಿರಿನದು: ವಿಷ ಉಸಿರಾಟದ ಸ್ನಾಯುಗಳನ್ನು ಕಟ್ಟಿಹಾಕಿದೆ. ಯುವತಿಯ ಚೀಟಿಯಲ್ಲಿ 18 ಮತ್ತು 6. ಬೈಕಾರ್ಬನೇಟ್ ಬರಿದಾಗಿದೆ. ಅದನ್ನು ಸರಿದೂಗಿಸಲು ಅವಳು ಆಳವಾಗಿ, ವೇಗವಾಗಿ ಉಸಿರಾಡುತ್ತ ಡೈಆಕ್ಸೈಡನ್ನು ಹೊರದಬ್ಬುತ್ತಿದ್ದಾಳೆ. ಮೇಲುನೋಟಕ್ಕೆ ಇದು ಉಬ್ಬಸದಂತೆ ಕಾಣುತ್ತದೆ. ನಿಜದಲ್ಲಿ ಅವಳ ಶ್ವಾಸಕೋಶ ಚೆನ್ನಾಗಿಯೇ ಇದೆ.

ಈ ಎರಡನ್ನು ಒಂದೆಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ 1952ರ ಕೋಪನ್‌ಹೇಗನ್ ಸಾಕ್ಷಿ. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆ ಪೋಲಿಯೊ ರೋಗಿಗಳಿಂದ ತುಂಬಿತ್ತು. ಆಗಿನ ಪ್ರಯೋಗಾಲಯ ಅಳೆಯುತ್ತಿದ್ದುದು ರಕ್ತದಲ್ಲಿನ ಒಟ್ಟು ಡೈಆಕ್ಸೈಡನ್ನು; ಅದರ ಬಹುಪಾಲು ಬೈಕಾರ್ಬನೇಟ್ ರೂಪದಲ್ಲೇ ಇರುತ್ತದೆ. ಅದು ಏರಿದ್ದು ಕಂಡು ರಕ್ತ ಕ್ಷಾರೀಯವಾಗಿದೆ ಎಂದು ವೈದ್ಯರು ತಿಳಿದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಪ್ಪಲಿಲ್ಲ. ಸ್ನಾಯುಗಳು ಸೋತು ಡೈಆಕ್ಸೈಡ್ ಒಳಗೆ ಉಳಿದಿದೆ ಎಂಬುದು ಅವರ ವಾದ. ಹನ್ನೆರಡು ವರ್ಷದ ಹುಡುಗಿಯ ಕುತ್ತಿಗೆಯಲ್ಲಿ ರಂಧ್ರ ಮಾಡಿ, ಕೊಳವೆ ಇಳಿಸಿ, ಕೈಯಿಂದ ಚೀಲ ಒತ್ತಿ ಗಾಳಿ ಊಡಿದಾಗ ಅವಳು ಚೇತರಿಸಿಕೊಂಡಳು. ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ಪಿಎಚ್ ಅಳೆದಾಗಲೂ ಅದು ಕಡಿಮೆಯೇ ಇತ್ತು. ಇಂದಿನ ರಕ್ತ ಅನಿಲ ಪರೀಕ್ಷೆ ಬೆಳೆದದ್ದು ಅಲ್ಲಿಂದಲೇ.

ಮತ್ತೆ ಯುವತಿಯ ಚೀಟಿಗೆ ಬರೋಣ. ಅವಳ ಉಸಿರು ಎಷ್ಟು ಕೆಲಸ ಮಾಡಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಬೈಕಾರ್ಬನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿದರೆ, ಎರಡು ಆಚೀಚೆ, ಇರಬೇಕಾದ ಡೈಆಕ್ಸೈಡ್ ಸಿಗುತ್ತದೆ. 6ಕ್ಕೆ ಅದು 17, ಚೀಟಿಯಲ್ಲಿರುವುದು 18. ಲೆಕ್ಕ ಕೂಡಿತು, ಅಂದರೆ ಕಾಯಿಲೆ ಒಂದೇ. ಯಾವ ಆಮ್ಲ ಎಂಬ ಸುಳಿವು ಲವಣಗಳಲ್ಲಿ ಸಿಗುತ್ತದೆ. ಸೋಡಿಯಂ 134, ಅದರಿಂದ ಕ್ಲೋರೈಡ್ 100 ಮತ್ತು ಬೈಕಾರ್ಬನೇಟ್ 6 ಕಳೆದರೆ ಉಳಿಯುವುದು 28. ಇದು ಸಾಮಾನ್ಯವಾಗಿ 12ರ ಆಸುಪಾಸಿನಲ್ಲಿರಬೇಕು. ಚೀಟಿಯಲ್ಲಿ ಅಳೆಯದ ಯಾವುದೋ ಆಮ್ಲ ರಕ್ತದಲ್ಲಿ ಸೇರಿಕೊಂಡಿದೆ ಎಂದಾಯಿತು. ಸಕ್ಕರೆ ಮತ್ತು ಕೀಟೋನ್ ಪರೀಕ್ಷೆ ಉಳಿದದ್ದನ್ನು ಹೇಳುತ್ತದೆ. ಭೇದಿಯಿಂದ ಬೈಕಾರ್ಬನೇಟ್ ಸೋರಿಹೋಗಿದ್ದರೆ ಈ ಅಂತರ ಸಾಮಾನ್ಯವಾಗಿ ಹಿಗ್ಗುವುದಿಲ್ಲ, ಕ್ಲೋರೈಡ್ ಏರಿರುತ್ತದೆ.

ಮೋಸ ಇರುವುದು ಮುಂದಿನ ಚೀಟಿಯಲ್ಲಿ. ಗಂಟೆ ಕಳೆದ ಮೇಲೆ ಅವಳ ಡೈಆಕ್ಸೈಡ್ 18ರಿಂದ 32ಕ್ಕೆ ಏರಿದರೆ, 40ರ ಹತ್ತಿರ ಬಂತಲ್ಲ ಎಂದು ಸಮಾಧಾನಪಡುವಂತಿಲ್ಲ. ಬೈಕಾರ್ಬನೇಟ್ 6ರಲ್ಲೇ ಇದ್ದರೆ ಪಿಎಚ್ ಆಗ 6.9ಕ್ಕೆ ಕುಸಿದಿರುತ್ತದೆ. ಅವಳು ಉಸಿರಾಡಿ ಉಸಿರಾಡಿ ದಣಿದಿದ್ದಾಳೆ. ಮೊದಲ ಕಾಯಿಲೆಗೆ ಉಸಿರಾಟದ ಆಮ್ಲತೆಯೂ ಸೇರಿಕೊಂಡಿದೆ. ರೈತನ ವಿಷಯದಲ್ಲಿ ಮೋಸಗೊಳಿಸುವುದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಮಾಸ್ಕಿನಿಂದ ಆಮ್ಲಜನಕ ಕೊಡುತ್ತಿದ್ದರೆ ಅದು 98 ತೋರಿಸುತ್ತಿರುವಾಗಲೇ ಡೈಆಕ್ಸೈಡ್ 80 ದಾಟಿರಬಹುದು.

ಹಾಗಾಗಿ ರೈತನಿಗೆ ತಡಮಾಡದೆ ಕೊಳವೆ ಹಾಕಿ ವೆಂಟಿಲೇಟರ್ ಕೊಡಬೇಕು, ಜೊತೆಗೆ ಪ್ರತಿವಿಷ. ಯುವತಿಗೆ ಬೇಕಿರುವುದು ಸಲೈನ್, ಪೊಟ್ಯಾಸಿಯಂ ನೋಡಿಕೊಂಡು ಇನ್ಸುಲಿನ್. ಅವಳಿಗೂ ವೆಂಟಿಲೇಟರ್ ಅನಿವಾರ್ಯವಾದರೆ ಯಂತ್ರವನ್ನು ಎಂದಿನಂತೆ ನಿಮಿಷಕ್ಕೆ ಹದಿನಾಲ್ಕು ಉಸಿರಿಗೆ ಇಟ್ಟರೆ ಆಗದು. ತಾನಾಗಿ ಅವಳು ಹೊರಹಾಕುತ್ತಿದ್ದಷ್ಟು ಡೈಆಕ್ಸೈಡನ್ನು ಯಂತ್ರವೂ ಹೊರಹಾಕಬೇಕು. ಇಲ್ಲದಿದ್ದರೆ ಅವಳನ್ನು ಅಲ್ಲಿಯವರೆಗೆ ಉಳಿಸಿದ್ದ ಉಸಿರನ್ನು ಚಿಕಿತ್ಸೆಯೇ ಕಸಿದಂತಾಗುತ್ತದೆ.